ಬೋರ್ಡು ಹೊಸದು, ಬೀರುವಿನ ಬೀಗ?

ಮಕ್ಕಳೇ, ಒಂದು ಬಸ್ಸಿನ ಮುಂದೆ ‘ತಡೆರಹಿತ’ ಎಂದು ಬೋರ್ಡು ಇದೆ ಎಂದುಕೊಳ್ಳಿ. ನೀವು ಹತ್ತಿ ಕುಳಿತ ಮೇಲೆ ಅದು ಊರೂರಿಗೂ ನಿಂತು ನಿಂತು ಹೋದರೆ, ಮುಂದಿನ ಸಲ ಆ ಬೋರ್ಡನ್ನು ನಂಬುತ್ತೀರಾ? ಬೋರ್ಡು ಬರೆಸುವುದೆಂದರೆ ಜನರಿಗೆ ಮಾತು ಕೊಟ್ಟಂತೆ. ಕೊಟ್ಟ ಮಾತು ಒಮ್ಮೆ ತಪ್ಪಿದರೆ, ಆಮೇಲೆ ಎಷ್ಟು ಚೆಂದದ ಬಣ್ಣ ಬಳಿದರೂ ಜನ ತಿರುಗಿ ನೋಡುವುದಿಲ್ಲ.

ನಮ್ಮ ಹಳ್ಳಿಗಳ ಗ್ರಂಥಾಲಯಗಳಿಗೂ ಈಚಿನ ವರ್ಷಗಳಲ್ಲಿ ಹೊಸ ಬೋರ್ಡು ಬಂದಿದೆ. ಅದರ ಮೇಲೆ ‘ಅರಿವು ಕೇಂದ್ರ’ ಎಂದಿದೆ. ಆ ಬೋರ್ಡು ಯಾವ ಮಾತು ಕೊಟ್ಟಿದೆ, ಆ ಮಾತು ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಈ ವಾರ ಅದನ್ನೇ ನೋಡೋಣ.

ಮೊದಲು ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ, ಅವರ ಕಾಲದ ಊರ ಗ್ರಂಥಾಲಯ ಹೇಗಿತ್ತು ಎಂದು. ಬಹಳ ಕಡೆ ಬರುವ ಉತ್ತರ ಒಂದೇ ಬಗೆಯದು. ಒಂದು ಚಿಕ್ಕ ಕೋಣೆ, ಒಂದು ಮೇಜು, ಅದರ ಮೇಲೆ ಅಂದಿನ ಪತ್ರಿಕೆ, ಸುತ್ತ ನಾಲ್ಕಾರು ಹಿರಿಯರು. ಪುಸ್ತಕಗಳು ಬೀರುವಿನೊಳಗೆ, ಬೀರುವಿಗೆ ಬೀಗ. ಮನೆಗೆ ಪುಸ್ತಕ ಬೇಕೆಂದರೆ ಠೇವಣಿ ಹಣ ಕಟ್ಟಿ ಸದಸ್ಯರಾಗಬೇಕು. ಮಕ್ಕಳು ಬಾಗಿಲಲ್ಲಿ ಇಣುಕಿ ಹಾಗೇ ಹೋಗುತ್ತಿದ್ದರು.

ಹಾಗೆಂದು ಅದು ಯಾರೋ ಹೊರಗಿನವರದ್ದಾಗಿರಲಿಲ್ಲ. 1965ರ ಗ್ರಂಥಾಲಯ ಕಾನೂನಿನ ಪ್ರಕಾರ ನಾವು ಕಟ್ಟುವ ಕಂದಾಯದ ಜೊತೆಗೇ ಗ್ರಂಥಾಲಯ ಕರವೂ ಸೇರಿರುತ್ತದೆ. ಮನೆಯ ಕಂದಾಯದ ರಸೀದಿ ಸಿಕ್ಕರೆ ನೋಡಿ. ಗ್ರಂಥಾಲಯಕ್ಕೆ ಊರಿನವರೇ ಹಣ ಕೊಡುತ್ತಿದ್ದರು, ಊರಿನ ಮಕ್ಕಳೇ ಒಳಗೆ ಹೋಗುತ್ತಿರಲಿಲ್ಲ!

2019ರಲ್ಲಿ ಈ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚು. ಸೂರು ಸೋರಿದರೆ, ಕುರ್ಚಿ ಮುರಿದರೆ ಕೇಳಬೇಕಾದ ಜಾಗ ಈಗ ಊರಿನ ಪಂಚಾಯಿತಿಯೇ. ಮರುವರ್ಷ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ಆಗ, 2020ರ ನವೆಂಬರಿನಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಎಂದಾಯಿತು. ಅನೇಕ ಕಡೆ ಗೋಡೆಗಳ ಮೇಲೆ ಚಿತ್ರಗಳು ಮೂಡಿದವು, ಮಕ್ಕಳ ಪುಸ್ತಕಗಳು ಬಂದವು, ಕೆಲವು ಕಡೆ ಕಂಪ್ಯೂಟರುಗಳೂ ಬಂದವು. ಹೆಸರೂ ಬದಲಾಯಿತು.

ಆ ಹೆಸರನ್ನು ಸ್ವಲ್ಪ ಗಮನಿಸಿ. ‘ಗ್ರಂಥ’ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದಪ್ಪ ಪುಸ್ತಕ, ಕನ್ನಡಕ ಹಾಕಿದ ಪಂಡಿತರು. ‘ಆಲಯ’ ಎಂದರೆ ಚಪ್ಪಲಿ ಬಿಟ್ಟು, ಸದ್ದು ಮಾಡದೆ ಒಳಗೆ ಹೋಗುವ ಜಾಗ. ‘ಅರಿವು’ ಹಾಗಲ್ಲ. ಅದು ಶಾಲೆಗೆ ಹೋಗದ ಅಜ್ಜಿಗೂ ಇದೆ, ಎರಡನೇ ತರಗತಿಯ ಪುಟ್ಟನಿಗೂ ಇದೆ. ಹಾಗಾಗಿ ಹೊಸ ಬೋರ್ಡು ಹೇಳುತ್ತಿರುವ ಮಾತು ಇದು: ಇದು ಪಂಡಿತರ ಜಾಗವಷ್ಟೇ ಅಲ್ಲ, ನಿನ್ನದೂ ಹೌದು, ಬಾ.

ಹುಡುಗಿಯೊಬ್ಬಳು ಆ ಮಾತು ನಂಬಿ ಒಳಗೆ ಬಂದಳು ಎಂದುಕೊಳ್ಳೋಣ. ಬೀರುವಿನ ಗಾಜಿನ ಹಿಂದೆ ಒಂದು ಕಥೆಪುಸ್ತಕ ಕಂಡಿತು. ಕೇಳಿದಳು. ‘ಇಲ್ಲೇ ಕೂತು ಓದಮ್ಮ, ಮನೆಗೆ ಕೊಡೋದಿಲ್ಲ, ಹರಿದುಬಿಡ್ತೀರಿ’ ಎಂದರು. ಅಲ್ಲಿಗೆ ಬೋರ್ಡಿನ ಮಾತು ಬಿದ್ದುಹೋಯಿತು. ಅವಳು ನಾಳೆ ಬರುವುದಿಲ್ಲ. ಗೆಳತಿಯರಿಗೂ ಹೇಳುತ್ತಾಳೆ.

ಆದರೆ ಬೇಡ ಎಂದ ಮೇಲ್ವಿಚಾರಕರನ್ನು ಬೈಯಲು ಅವಸರ ಮಾಡಬೇಡಿ. ಒಂದೊಂದು ಪುಸ್ತಕಕ್ಕೂ ದಾಖಲೆ ಪುಸ್ತಕದಲ್ಲಿ ಒಂದು ನಂಬರು ಇರುತ್ತದೆ. ತಪಾಸಣೆಯ ದಿನ ಪುಸ್ತಕ ಎಣಿಕೆಗೆ ಸಿಗದಿದ್ದರೆ ಉತ್ತರ ಹೇಳಬೇಕಾದವರು ಅವರು. ಕೈತಪ್ಪಿದ ಪುಸ್ತಕದ ಬೆಲೆ ತನ್ನ ತಲೆಗೆ ಬಂದೀತೆಂಬ ಹೆದರಿಕೆ ಇರುವಾಗ ಬೀಗ ಹಾಕುವುದೇ ಸುಲಭ. ಬೀಗ ಹಾಕಿದವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲವಲ್ಲ!

ಇದಕ್ಕೆ ಮದ್ದು ಇದೆ. ಅದು ಇರುವುದು ಒಂದು ಒಣ ಸರ್ಕಾರಿ ನಿಯಮದಲ್ಲಿ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯದ ಬಗ್ಗೆ ಒಂದು ಮಾತಿದೆ. ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ 5 ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಒಪ್ಪಬಹುದು. ಮೋಸ, ಅಲಕ್ಷ್ಯ ಇರಕೂಡದು. ಅಪರೂಪದ, ದುಬಾರಿ ಪುಸ್ತಕ ಹೋದರೆ ವಿಚಾರಣೆ ಆಗಲೇಬೇಕು. ಈ ನಿಯಮ ಕೇಂದ್ರದ ಕಚೇರಿಗಳಿಗೆ ಬರೆದದ್ದು. ಆದರೆ ಅದರೊಳಗಿನ ಲೆಕ್ಕ ಯಾವ ಊರಿಗೂ ಒಪ್ಪುವಂಥದ್ದು.

ಲೆಕ್ಕ ಮಾಡೋಣ ಬನ್ನಿ. ಒಂದು ಊರಿನ ಗ್ರಂಥಾಲಯ ದಿನಕ್ಕೆ 20 ಪುಸ್ತಕ ಮನೆಗೆ ಕೊಡುತ್ತದೆ, ವರ್ಷಕ್ಕೆ 250 ದಿನ ತೆರೆದಿರುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 5000 ಸಲ ಪುಸ್ತಕ ಹೊರಗೆ ಹೋಯಿತು. ಸಾವಿರಕ್ಕೆ ಐದರಂತೆ 25 ಪುಸ್ತಕ ಕಳೆದರೂ ಅದು ಸಹಜ ನಷ್ಟ. ಆ 25 ಹೋದದ್ದಕ್ಕೆ ಪ್ರತಿಯಾಗಿ ಪುಸ್ತಕಗಳು 4975 ಸಲ ಮನೆ ನೋಡಿ, ಓದಿಸಿಕೊಂಡು ಕ್ಷೇಮವಾಗಿ ವಾಪಸು ಬಂದಿವೆ. ಇನ್ನು ಹತ್ತು ವರ್ಷದಲ್ಲಿ ಒಂದೂ ಪುಸ್ತಕ ಕಳೆಯದ ಗ್ರಂಥಾಲಯ ಇದ್ದರೆ? ಅದನ್ನು ಹೊಗಳುವ ಮೊದಲು ಅದು ಎಷ್ಟು ಪುಸ್ತಕ ಹೊರಗೆ ಕೊಟ್ಟಿತು ಎಂದು ಕೇಳಬೇಕು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದೇ ಅದರಲ್ಲಿ ಮೊದಲನೆಯದು. ಹಿಂದೆ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಳಿಯಿಂದ ಕಟ್ಟಿಡುತ್ತಿದ್ದರು. ನಮ್ಮ ಬೀರುವಿನ ಬೀಗ ಆ ಸರಪಳಿಯ ಮೊಮ್ಮಗ!

ಸರ್ಕಾರದ ಸೇವೆಯನ್ನು ಜನ ನಂಬಬೇಕು ಎನ್ನುತ್ತೇವೆ. ಗ್ರಂಥಾಲಯದಲ್ಲಿ ಅದರ ಕ್ರಮ ಹಿಂದುಮುಂದು. ಅಲ್ಲಿ ಮೊದಲು ನಂಬಬೇಕಾದದ್ದು ಗ್ರಂಥಾಲಯ. ಠೇವಣಿ ಇಲ್ಲದೆ ಮಗುವಿನ ಕೈಗೆ ಪುಸ್ತಕ ಕೊಟ್ಟಾಗ ಅದು ‘ನೀನು ತಂದುಕೊಡುತ್ತೀ, ನನಗೆ ಗೊತ್ತು’ ಎಂದಂತೆ. ಮಗು ತಂದುಕೊಟ್ಟಾಗ ಲೆಕ್ಕ ಸರಿಹೋಯಿತು.

ನಿಮ್ಮೂರಿನ ಅರಿವು ಕೇಂದ್ರ ಮಾತು ಉಳಿಸಿಕೊಂಡಿದೆಯೇ ಎಂದು ತಿಳಿಯಲು ಅಜ್ಜ–ಮೊಮ್ಮಕ್ಕಳು ಒಟ್ಟಿಗೆ ಹೋಗಿ ಮೂರು ಸಂಗತಿ ನೋಡಿ. ಬಾಗಿಲಲ್ಲಿ ಬರೆದ ವೇಳೆಗೆ ಬಾಗಿಲು ತೆರೆದಿದೆಯೇ, ಆ ವೇಳೆ ಶಾಲೆ ಬಿಟ್ಟ ಮೇಲಿನದ್ದೂ ಹೌದೇ? ಮಕ್ಕಳ ಪುಸ್ತಕಗಳು ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ, ಬೀಗವಿಲ್ಲದೆ ಇವೆಯೇ? ಕೊನೆಯದಾಗಿ, ಪುಸ್ತಕ ಕೊಟ್ಟ ದಾಖಲೆ ಏನು ಹೇಳುತ್ತದೆ? ಶಾಲೆಯ ಹಾಜರಿ ಪಟ್ಟಿ ನೋಡಿ ಒಂದೇ ದಿನ 300 ಸದಸ್ಯರನ್ನು ಬರೆದುಕೊಳ್ಳಬಹುದು. ಆದರೆ ಕಳೆದ ತಿಂಗಳು ಹೊರಗೆ ಹೋದ ಪುಸ್ತಕ 8 ಎಂದಿದ್ದರೆ, ಆ ಊರಿನಲ್ಲಿ ಬದಲಾದದ್ದು ಬೋರ್ಡು ಮಾತ್ರ.

ಬೀಗ ಕಂಡರೆ ಮೇಲ್ವಿಚಾರಕರೊಡನೆ ಜಗಳ ಬೇಡ. ಅಜ್ಜಂದಿರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ‘ವರ್ಷಕ್ಕೆ ಎಷ್ಟು ಪುಸ್ತಕ ಕಳೆದರೆ ಮೇಲ್ವಿಚಾರಕರನ್ನು ಹೊಣೆ ಮಾಡುವುದಿಲ್ಲ?’ ಅದಕ್ಕೆ ಒಂದು ಅಂಕಿ ಗೊತ್ತಾಗಿ ಅದು ಬರಹದಲ್ಲಿ ಸಿಕ್ಕರೆ, ಬೀಗದ ಕೈ ಹಿಡಿದವರ ಹೆದರಿಕೆ ಅರ್ಧ ಇಳಿಯುತ್ತದೆ. ಮೊಮ್ಮಕ್ಕಳೇ, ತಂದ ಪುಸ್ತಕವನ್ನು ಹೇಳಿದ ದಿನ ವಾಪಸು ಕೊಡಿ. ಉಳಿದ ಅರ್ಧ ಇಳಿಯುವುದು ಅದರಿಂದ.