‘ಮಾತ್ರ’ ಎಲ್ಲಿ ಕೂಡಬೇಕು?

ವಯಸ್ಸಾದ ಯಜಮಾನರೊಬ್ಬರು ಉಯಿಲು ಬರೆಸಲು ವಕೀಲರ ಮನೆಗೆ ಹೋದರು. ಪೇಟೆಬೀದಿಯಲ್ಲಿ ಅವರಿಗೊಂದು ಮನೆ; ಅದರಲ್ಲೊಬ್ಬ ಬಾಡಿಗೆದಾರ. “ಬಾಡಿಗೆ ಮಾತ್ರ ನನ್ನ ಹೆಂಡತಿಗೆ ಸೇರತಕ್ಕದ್ದು” ಎಂದು ಬರೆಸಿದರು. ವಕೀಲರು ಲೇಖನಿಯನ್ನು ಕೆಳಗಿಟ್ಟು, “ಹಾಗಾದರೆ ಮನೆ ಯಾರಿಗೆ, ರಾಯರೆ?” ಎಂದರು. ರಾಯರು ಬೆಚ್ಚಿದರು. ಮನೆಯೂ ಆಕೆಗೇ ಎಂಬುದು ಅವರ ಮನಸ್ಸಿನಲ್ಲಿದ್ದುದು. ಬಾಡಿಗೆಗೆ ಮಕ್ಕಳು ಕೈಚಾಚಬಾರದೆಂಬುದು ಅವರ ಆತಂಕ.

ಕನ್ನಡದ ‘ಮಾತ್ರ’ ತನಗಿಂತ ಮೊದಲು ಬಂದ ಪದಕ್ಕೆ ಅಂಟಿಕೊಳ್ಳುತ್ತದೆ. ‘ಬಾಡಿಗೆ ಮಾತ್ರ’ ಎಂದರೆ ಕೊಡುವ ವಸ್ತುವಿಗೆ ಎಲ್ಲೆ ಬಿತ್ತು, ಆಕೆಗೆ ಮನೆಯಿಲ್ಲ. ‘ಹೆಂಡತಿಗೆ ಮಾತ್ರ’ ಎಂದರೆ ಪಡೆಯುವವರಿಗೆ ಎಲ್ಲೆ, ಮಕ್ಕಳಿಗೆ ಪಾಲಿಲ್ಲ. ‘ಬಾಡಿಗೆಯನ್ನು ಪಡೆಯಬಹುದು ಮಾತ್ರ’ ಎಂದು ಕ್ರಿಯಾಪದದ ನಂತರ ಇಟ್ಟರೆ ಎಲ್ಲೆ ಅಧಿಕಾರಕ್ಕೇ ಬಿದ್ದು, ಮಾರುವ ಹಕ್ಕು ತಪ್ಪುತ್ತದೆ.

ಇಂಗ್ಲಿಷಿನ ‘ಓನ್ಲಿ’ಯ ನಡತೆ ಬೇರೆ. ಅದು ಸಾಮಾನ್ಯವಾಗಿ ಕ್ರಿಯಾಪದದ ಮಗ್ಗುಲಲ್ಲಿ ನಿಂತು, ಮುಂದೆ ಬರುವ ಯಾವ ಪದವನ್ನಾದರೂ ಕುರಿತಿರಬಹುದು. ಯಾವುದನ್ನೆಂಬುದನ್ನು ಮಾತಿನಲ್ಲಿ ದನಿಯ ಒತ್ತು ತಿಳಿಸುತ್ತದೆ. ಕಾಗದದ ಮೇಲೆ ಒತ್ತು ಕಾಣದು. ಇಂಗ್ಲಿಷ್ ಕರಡನ್ನು ಕನ್ನಡಿಸುವವನಾದರೋ ಒಂದು ಪದವನ್ನು ಆರಿಸಿಯೇ ತೀರಬೇಕು. ನಮ್ಮವರ ‘ಟುಡೇ ಓನ್ಲಿ’ಯ ಕಥೆ ಇದರ ತಿರುವು: ಅವರ ಮನಸ್ಸಿನಲ್ಲಿರುವುದು ‘ಇವತ್ತೇ’ ಎಂಬ ಅವಧಾರಣೆಯ ಏಕಾರ, ಆಂಗ್ಲನ ಕಿವಿಗೆ ಬೀಳುವುದು ‘ಇವತ್ತು ಮಾತ್ರ, ನಾಳೆ ಇಲ್ಲ’ ಎಂದು.

‘ಈವನ್’ ಎಂಬುದಕ್ಕೆ ಕನ್ನಡದಲ್ಲಿ ಊಕಾರವಿದೆ. ‘ಹಿರಿಯ ಮಗ ಒಂದು ಕಾಸನ್ನೂ ಕೇಳಲಿಲ್ಲ’ ಎಂಬಲ್ಲಿ ಸೋಜಿಗ ಕಾಸಿನ ಅಲ್ಪತೆಯಲ್ಲಿದೆ. ‘ಹಿರಿಯ ಮಗನೂ ಕೇಳಲಿಲ್ಲ’ ಎಂಬಲ್ಲಿ ತೊಡಕುಂಟು: ಉಳಿದವರಂತೆ ಅವನೂ ಎಂದೇ, ಕೇಳಿಯೇ ಕೇಳುತ್ತಾನೆ ಎಂದುಕೊಂಡಿದ್ದ ಅವನೂ ಎಂದೇ? ಊಕಾರ ಎರಡಕ್ಕೂ ಸಲ್ಲುತ್ತದೆ. ‘ಸಾಲದಲ್ಲಿ ಮುಳುಗಿದ್ದ ಹಿರಿಯ ಮಗನೂ’ ಎಂದರೆ ಸಂದೇಹ ಹರಿಯುತ್ತದೆ.

‘ಆಲ್‌ಮೋಸ್ಟ್’ ವಿಷಯದಲ್ಲಿ ಪದವನ್ನು ಸರಿಸಿದರೆ ಸಾಲದು, ವಾಕ್ಯವನ್ನೇ ಬದಲಿಸಬೇಕು. ಇಂಗ್ಲಿಷಿನಲ್ಲಿ ಅದನ್ನು ‘ಆಲ್’ ಎಂಬುದರ ಹಿಂದಿಟ್ಟರೆ, ‘ಬಾಡಿಗೆದಾರ ಬಾಕಿಯನ್ನು ಬಹುಮಟ್ಟಿಗೆ ಎಲ್ಲವನ್ನೂ ಕೊಟ್ಟ’ ಎಂದಾಗುತ್ತದೆ. ಉಳಿದದ್ದು ನಾಲ್ಕಾರು ರೂಪಾಯಿ. ಕ್ರಿಯಾಪದದ ಹಿಂದಿಟ್ಟರೆ, ‘ಇನ್ನೇನು ಎಲ್ಲವನ್ನೂ ಕೊಟ್ಟೇಬಿಡುವುದರಲ್ಲಿದ್ದ’ ಎಂದೂ ಅರ್ಥವಾದೀತು. ಆಗ ಯಜಮಾನರ ಕೈಗೆ ಬಂದದ್ದು ಸೊನ್ನೆ. ಮೊದಲನೆಯದರ ಬದಲು ಎರಡನೆಯದನ್ನು ನಂಬಿ ರಸೀದಿ ಬರೆದುಕೊಟ್ಟವನು ಬಾಡಿಗೆಯನ್ನು ಕಂಡ ಹಾಗೆಯೇ!

ವಕೀಲರು ಹೊಸ ಹಾಳೆಯಲ್ಲಿ, “ಮನೆಯೂ ಅದರ ಬಾಡಿಗೆಯೂ ನನ್ನ ಹೆಂಡತಿಗೆ ಮಾತ್ರ ಸೇರತಕ್ಕವು” ಎಂದು ಬರೆದರು. ರಾಯರು ಎರಡು ಸಲ ಓದಿ, ಇಬ್ಬರು ಸಾಕ್ಷಿಗಳ ಎದುರಿಗೆ ರುಜು ಹಾಕಿದರು.