ಚದರಡಿಗೆ ಸಿಗದ ಅಕ್ಷರ

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂಬ ಕಾಯ್ದೆ 2024ರಲ್ಲಿ ಬಂದಾಗ, ಫ್ಲೆಕ್ಸ್ ಹಾವಳಿಯಲ್ಲಿ ಮೂಲೆ ಸೇರಿದ್ದ ಬೋರ್ಡ್ ಬರೆಯುವವರ ಕುಂಚಕ್ಕೆ ಮತ್ತೆ ಕೆಲಸ ಸಿಕ್ಕೀತು ಅಂದುಕೊಂಡೆವು. ಸಿಕ್ಕಿತು, ಆದರೆ ಬಹುಪಾಲು ತೇಪೆ ಕೆಲಸ. ಹಳೆಯ ಇಂಗ್ಲಿಷ್ ಅಕ್ಷರ ಮುಚ್ಚಿ, ಗಡುವಿನೊಳಗೆ ಕನ್ನಡ ಬರೆದದ್ದು. ಹೊಳಪಿನ ಹಳೇ ಎನಾಮಲ್ ಮೇಲೆ ಉಪ್ಪುಕಾಗದ ಉಜ್ಜದೆ ಬಳಿದ ಬಣ್ಣ ತಳ ಹಿಡಿಯುವುದಿಲ್ಲ. ಉಗುರಿನಿಂದ ಕೆರೆದು ನೋಡಿ, ಸಿಪ್ಪೆಯಂತೆ ಎದ್ದು ಬರುತ್ತದೆ.

ಇದಕ್ಕೆ ಅವಸರದಷ್ಟೇ ದರದ ಲೆಕ್ಕವೂ ಕಾರಣ. ಹಿಂದೆ ಬೋರ್ಡ್ ನೋಡಿ, ಅಕ್ಷರ ಎಣಿಸಿ ದರ ಹೇಳುವವರಿದ್ದರು. ಈಗ ಗಿರಾಕಿ ಬರುವುದೇ ಫ್ಲೆಕ್ಸ್ ಅಂಗಡಿಯ ಮಾತಿನೊಂದಿಗೆ: 'ಚದರಡಿಗೆ ಎಷ್ಟು?'

ಹತ್ತು ಅಡಿ ಉದ್ದ, ಮೂರು ಅಡಿ ಎತ್ತರದ ತಗಡಿನ ಬೋರ್ಡ್ ಇದೆ ಎನ್ನಿ. ಮೂವತ್ತು ಚದರಡಿ. ಒಂದು ಲೀಟರ್ ಎನಾಮಲ್ ಒಂದು ಕೋಟ್‌ಗೆ ಸುಮಾರು ನೂರು ಚದರಡಿ ಸಾಗುತ್ತದೆ. ನೆಲಬಣ್ಣ ಎರಡು ಕೋಟ್ ಹೊಡೆಯಲು ಸುಮಾರು 600 ಮಿಲಿಲೀಟರ್ ಸಾಕು, ಕೊಳ್ಳುವುದು ಮಾತ್ರ ಒಂದು ಲೀಟರಿನ ಡಬ್ಬಿ. ಅದಕ್ಕೆ 350 ರೂಪಾಯಿ, ಪ್ರೈಮರ್ 130, ಅಕ್ಷರಕ್ಕೆ ಎರಡು ಸಣ್ಣ ಡಬ್ಬಿ 200, ಟರ್ಪೆಂಟೈನ್, ಉಪ್ಪುಕಾಗದ 120 ಎಂದು ಹಿಡಿದರೆ ಸಾಮಾನಿನ ಖರ್ಚು 800. ಉಜ್ಜಿ, ಪ್ರೈಮರ್ ಮತ್ತು ನೆಲಬಣ್ಣ ಬಳಿಯಲು ಒಟ್ಟು ಒಂದು ದಿನ, ಬರೆಯಲು ಇನ್ನೊಂದು ದಿನ. ನಡುವೆ ಒಣಗಲು ಬಿಟ್ಟ ರಾತ್ರಿಗಳಿಗೆ ಯಾರೂ ಕಾಸು ಕೊಡುವುದಿಲ್ಲ, ಬಿಡಿ. ದಿನಕ್ಕೆ 1,200ರಂತೆ ಕೂಲಿ 2,400. ಒಟ್ಟು 3,200, ಚದರಡಿಗೆ ಸುಮಾರು 107.

ಇದೇ ದರವನ್ನು ಮೂರಡಿ-ಎರಡಡಿಯ ವೈದ್ಯರ ಫಲಕಕ್ಕೆ ಹಾಕಿ: ಸಿಗುವುದು 642 ರೂಪಾಯಿ. ಪದವಿ, ಸಮಯ, ಫೋನ್ ನಂಬರ್ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಬರೆಯಲು ಇಡೀ ದಿನ ಬೇಕು. ಸಾಮಾನಿನ ಖರ್ಚು ಕಳೆದರೆ ಕೂಲಿಯ ಅರ್ಧವೂ ಗಿಟ್ಟಲಿಲ್ಲ. ಇನ್ನೂರು ಚದರಡಿಯ ಗೋಡೆಗೆ ಹಾಕಿದರೆ 21,400 ಆಗಿ ಗಿರಾಕಿ ಓಡಿಹೋಗುತ್ತಾನೆ. ದೊಡ್ಡ ಅಕ್ಷರ ನಾಲ್ಕೇ ಇದ್ದರೆ ಅಷ್ಟು ಕೆಲಸವೂ ಅಲ್ಲಿರುವುದಿಲ್ಲ.

ಕನ್ನಡಕ್ಕೆ ಇನ್ನೊಂದು ಲೆಕ್ಕವಿದೆ. ಇಂಗ್ಲಿಷಿನ ದೊಡ್ಡಕ್ಷರ ಕೊಟ್ಟ ಎತ್ತರವನ್ನೆಲ್ಲ ತುಂಬಿಕೊಳ್ಳುತ್ತದೆ. 'ಶ್ರೀ ಲಕ್ಷ್ಮಿ ಸ್ಟೋರ್ಸ್' ಎಂದು ಬರೆಯಲು ಮೇಲೆ ಗುಡಿಸಿಗೆ, ಕೆಳಗೆ ಒತ್ತಿಗೆ ಜಾಗ ಬಿಡಬೇಕು. ದರ ಕಡಿಮೆಯಾದಾಗ ಮೊದಲು ಮುದುಡುವುದು ಆ ಒತ್ತಕ್ಷರವೇ. ಹಳದಿಯದ್ದೂ ತಾಪತ್ರಯ: ಕಡುಬಣ್ಣದ ಮೇಲೆ ಒಂದೇ ಕೋಟ್‌ಗೆ ಮುಚ್ಚದು, ಕೆಳಗೆ ಬಿಳಿ ಬೇಕು. ಅಂದರೆ ಅದೇ ಅಕ್ಷರವನ್ನು ಎರಡು ಸಲ ಬರೆಯಬೇಕು.

ಹಾಗಾಗಿ ಬೋರ್ಡ್ ಬರೆಸುವವರಲ್ಲಿ ಒಂದು ವಿನಂತಿ: ದರ ಕೇಳಲು ಹೋಗುವಾಗ ಅಳತೆಯ ಜೊತೆಗೆ ಬರೆಸಬೇಕಾದ ಪೂರ್ತಿ ಒಕ್ಕಣೆಯನ್ನೂ ಕೊಂಡೊಯ್ಯಿರಿ. ಬರೆಯುವವರೂ ಸಾಮಾನಿನ ಖರ್ಚು ಬೇರೆ, ಕೂಲಿ ಬೇರೆ ಎಂದು ಚೀಟಿಯಲ್ಲಿ ಬರೆದುಕೊಡಲಿ.