ಕರದ ಲಿಂಗ, ಗೂಡಿನ ದೇವರು

ಸಿಂಗಸಂದ್ರದ ಭಕ್ತರೊಬ್ಬರ ಮನೆಗೆ ಈಚೆಗೆ ಬಿನ್ನಹಕ್ಕೆ ಹೋಗಿದ್ದೆವು. ಪ್ರಸಾದ ಮುಗಿದ ಮೇಲೆ ತಾಯಿ ಮಗನ ನಡುವಿನ ಒಂದು ವ್ಯಾಜ್ಯ ನಮ್ಮ ಮುಂದೆ ಬಂತು. ಮಗ ಹೊಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುವ ಹುಡುಗ. "ಬುದ್ಧೀ, ದೀಕ್ಷೆಯಾದವರು ಮೂರ್ತಿಪೂಜೆ ಮಾಡಬಾರದು ಎಂದು ಒಂದು ಉಪನ್ಯಾಸದಲ್ಲಿ ಕೇಳಿದೆ. ಅಮ್ಮ ದೇವರ ಗೂಡಿನಲ್ಲಿ ವೀರಭದ್ರಸ್ವಾಮಿಯ ಪಟ ಇಟ್ಟುಕೊಂಡಿದ್ದಾರೆ. ವರ್ಷಕ್ಕೊಮ್ಮೆ ಎಡೆಯೂರಿಗೆ ಹೋಗಲೇಬೇಕು ಅನ್ನುತ್ತಾರೆ. ನಮ್ಮದು ನಿರಾಕಾರ ತತ್ತ್ವ ತಾನೇ? ಪಟ ತೆಗೆಯುವಂತೆ ತಾವೇ ಅಪ್ಪಣೆ ಕೊಡಬೇಕು" ಎಂದ. ತಾಯಿ ಕಣ್ಣೊರೆಸಿಕೊಂಡು, "ಅದು ನಮ್ಮತ್ತೆ ಕಾಲದ್ದು ಬುದ್ಧೀ. ಅದು ಹೊರಗೆ ಹೋಗುವುದಾದರೆ ನಾನೂ ಹೋಗುತ್ತೇನೆ" ಎಂದರು.

ನಾವು ತೀರ್ಪು ಹೇಳಲಿಲ್ಲ. "ನಿನ್ನ ಇಷ್ಟಲಿಂಗ ತೋರಿಸಪ್ಪ" ಎಂದೆವು. ಹುಡುಗ ಕೊರಳಿಗೆ ಕೈ ಹಾಕಲಿಲ್ಲ. ಎದ್ದು ಗೂಡಿನ ಬಳಿ ಹೋದ. ಕರಡಿಗೆ ಅಲ್ಲೇ, ಪಟದ ಪಕ್ಕದಲ್ಲೇ ಇತ್ತು. ಯಂತ್ರದ ಹತ್ತಿರ ಕೊರಳಲ್ಲಿ ದಾರ ಇರಕೂಡದೆಂಬ ನಿಯಮವಿದೆಯಂತೆ. ಮೊದಲು ಕೆಲಸದ ಹೊತ್ತಿನಲ್ಲಿ ಮಾತ್ರ ತೆಗೆದಿಡುತ್ತಿದ್ದವನು ಬರಬರುತ್ತಾ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದ. ದಿನವೂ ಬೆಳಿಗ್ಗೆ ತಾಯಿಯೇ ಪಟಕ್ಕೂ ಕರಡಿಗೆಗೂ ವಿಭೂತಿ ಹಚ್ಚಿ, ಹೂವಿಟ್ಟು ಕೈಮುಗಿಯುತ್ತಿದ್ದರು. ನಿರಾಕಾರದ ಪರವಾಗಿ ವಾದಿಸುತ್ತಿದ್ದ ಮಗನ ಲಿಂಗ ತನಗರಿಯದೆಯೇ ಒಂದು ಮೂರ್ತಿಯಾಗಿ ಗೂಡಿನಲ್ಲಿ ಕುಳಿತಿತ್ತು. ಈ ವಿಷಯದಲ್ಲಿ ನಾವು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯಲ್ಲಿದೆ.

ಶೈವಾಗಮಗಳು ಶಿವನ ಪೂಜೆಯಲ್ಲಿ ಮೂರು ಬಗೆ ಹೇಳುತ್ತವೆ. ಕೈಕಾಲು, ಮುಖ, ಆಯುಧಗಳುಳ್ಳ ವೀರಭದ್ರನಂಥ ಮೂರ್ತಿ ಸಕಲ. ಯಾವ ರೂಪಕ್ಕೂ ಸಿಗದ ಪರಶಿವ ನಿಷ್ಕಲ. ಈ ಎರಡರ ನಡುವೆ ನಿಲ್ಲುವುದು ಲಿಂಗ. ಅದಕ್ಕೆ ಆಕಾರವುಂಟು, ಅವಯವವಿಲ್ಲ. ಆದ್ದರಿಂದ ಅದನ್ನು ಸಕಲನಿಷ್ಕಲ ಎಂದರು. ನಮ್ಮ ಇಷ್ಟಲಿಂಗವನ್ನು ಮಾಡುವ ಕ್ರಮದಲ್ಲಿ ಈ ಮಾತು ಕಣ್ಣಿಗೇ ಕಾಣುತ್ತದೆ. ಒಳಗೆ ಪುಟ್ಟದೊಂದು ಕಲ್ಲಿನ ಲಿಂಗವಿರುತ್ತದೆ. ಬಾಣ, ಪೀಠ, ಗೋಮುಖಗಳು ಒಂದಕ್ಕೊಂದು ಅಳತೆ ಹೊಂದಿರುವ ಇದಕ್ಕೆ ಪಂಚಸೂತ್ರ ಲಿಂಗವೆಂದು ಹೆಸರು. ನೋಡಿದರೆ ಬೇಗೂರಿನ ನಾಗೇಶ್ವರನ ಗುಡಿಯಲ್ಲಿರುವ ಲಿಂಗದ ಮರಿಯಂತೆಯೇ. ಅದರ ಮೇಲೆ ಕಪ್ಪು ಲೇಪವನ್ನು ಪದರ ಪದರವಾಗಿ ಕೊಟ್ಟು, ಬಾಣವೂ ಪೀಠವೂ ಕಾಣದಂತೆ ಗುಂಡಗೆ, ನುಣ್ಣಗೆ ಮಾಡುತ್ತಾರೆ. ಒಳಗೆ ಗುಡಿಯ ರೂಪ, ಹೊರಗೆ ರೂಪವಳಿದ ನುಣುಪು. ಸಾಕಾರವನ್ನು ಒಡೆದು ಹಾಕಲಿಲ್ಲ, ಮುಚ್ಚಿ ಒಳಗಿಟ್ಟುಕೊಂಡರು.

ಇದನ್ನು ಎಡದ ಅಂಗೈಯಲ್ಲಿಟ್ಟು, ಕಣ್ಣಿನ ನೇರಕ್ಕೆ ಹಿಡಿದು ಎವೆಯಿಕ್ಕದೆ ನೋಡುವುದು ಪೂಜೆಯ ಮುಖ್ಯ ಭಾಗ. ದೀಪದ ಬೆಳಕು ಆ ನುಣುಪಿನ ಮೇಲೆ ಒಂದು ಚುಕ್ಕಿಯಾಗಿ ನಿಲ್ಲುತ್ತದೆ. ನೋಡಲು ಮುಖವಿಲ್ಲ, ಕಥೆ ನೆನಪಿಸುವ ಆಯುಧವಿಲ್ಲ. ಮನಸ್ಸು ಹಿಡಿದುಕೊಳ್ಳಲು ಬೇರೇನೂ ಸಿಗದೆ ಕ್ರಮೇಣ ತನ್ನಲ್ಲೇ ನಿಲ್ಲುತ್ತದೆ. ಅಂಗೈಯಲ್ಲಿರುವ ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೆ, ಅಲ್ಲಿಂದ ಭಾವಲಿಂಗಕ್ಕೆ ಹೋಗುವ ದಾರಿ ಇದು. ಈ ಕೆಲಸವನ್ನು ಒಬ್ಬರ ಪರವಾಗಿ ಇನ್ನೊಬ್ಬರು ಮಾಡಲಾಗದು. ಗುರು ಒಬ್ಬನ ಕೈಗೆ ಕೊಟ್ಟ ಲಿಂಗ ಅವನೊಬ್ಬನದೇ. ಹೆತ್ತ ತಾಯಿಯಾದರೂ ಮಗನ ಲಿಂಗವನ್ನು ಪೂಜಿಸಿ ಅವನಿಗೆ ಫಲ ತಂದುಕೊಡಲಾರಳು.

ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನು ಕಟುವಾಗಿಯೇ ಟೀಕಿಸಿದರು. ಆ ಟೀಕೆಯನ್ನು ಮೆತ್ತಗೆ ಮಾಡಿ ಹೇಳುವುದು ನಮಗೆ ಸಮ್ಮತವಲ್ಲ. ಆದರೆ ಅದು ಎಲ್ಲಿಗೆ ನಾಟಬೇಕೆಂಬುದನ್ನು ಗಮನಿಸಬೇಕು. ಗುಡಿಯಲ್ಲಿ ಪೂಜಿಸುವವನು ಒಬ್ಬ, ಫಲ ಬೇಡುವವನು ಮತ್ತೊಬ್ಬ, ಹೊಸ್ತಿಲ ಹೊರಗೇ ನಿಲ್ಲಬೇಕಾದವನು ಇನ್ನೊಬ್ಬ. ಇಷ್ಟಲಿಂಗ ಈ ಮೂರೂ ಅಂತರವನ್ನು ಒಂದೇ ಸಲಕ್ಕೆ ಅಳಿಸಿತು. ಹಾಗಿದ್ದರೂ ಬಸವಣ್ಣನವರ ಅಂಕಿತ ಕೂಡಲಸಂಗಮದ ದೇವರದು, ಅಕ್ಕನ ಅಂಕಿತ ಶ್ರೀಶೈಲದ ಮಲ್ಲಿಕಾರ್ಜುನನದು. ಎರಡೂ ಸ್ಥಾವರದ ಹೆಸರುಗಳೇ. ಅವರು ಆ ಹೆಸರನ್ನು ಬಿಡಲಿಲ್ಲ, ಅದನ್ನು ಗುಡಿಯಿಂದ ತಂದು ಅಂಗೈಗೆ ಇಳಿಸಿಕೊಂಡರು.

ಎಡೆಯೂರನ್ನೇ ನೋಡಿ. ಅಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗ ಯತಿಗಳು ಶೂನ್ಯತತ್ತ್ವದ ಮಹಾಗುರುಗಳು. ಷಟ್‌ಸ್ಥಲವನ್ನು ಕುರಿತು ವಚನಗಳನ್ನು ಬರೆದವರು. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಕೊನೆಯದನ್ನು ಸಿದ್ಧಪಡಿಸಿದ ಗೂಳೂರು ಸಿದ್ಧವೀರಣ್ಣೊಡೆಯರು ಅವರ ಶಿಷ್ಯಪರಂಪರೆಯವರು. ನಿರಾಕಾರವನ್ನು ಅಷ್ಟು ಎತ್ತರದಲ್ಲಿ ನಿಂತು ಹೇಳಿದವರ ಗದ್ದುಗೆಗೆ ಇಂದು ರುದ್ರಾಭಿಷೇಕ ನಡೆಯುತ್ತದೆ, ತೇರು ಎಳೆಯುತ್ತಾರೆ. ಇದು ವಿಪರ್ಯಾಸವೆಂದು ನಗುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಲಿಂಗಪೂಜೆ ಒಬ್ಬನನ್ನು ಒಂಟಿಯಾಗಿ ಕೂರಿಸುತ್ತದೆ. ಗದ್ದುಗೆ, ತೇರು, ಪಟಗಳು ಮನೆಯವರನ್ನು, ಊರವರನ್ನು ಒಂದೆಡೆ ಸೇರಿಸುತ್ತವೆ. ಅಂಗೈಯ ಚುಕ್ಕಿಯಲ್ಲಿ ಊರು ಸೇರಲಾಗದು, ತೇರಿನ ಗದ್ದಲದಲ್ಲಿ ದೃಷ್ಟಿ ನಿಲ್ಲದು. ಕೆಲಸ ಬೇರೆ ಬೇರೆಯಾದ್ದರಿಂದಲೇ ಎರಡೂ ಒಂದೇ ಮನೆಯಲ್ಲಿ ಉಳಿದುಕೊಂಡಿವೆ.

ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದಾಗಲೇ ಕೇಡು. ಎಡೆಯೂರಿಗೆ ಹೋಗಿ ಬಂದೆನಲ್ಲ, ಇನ್ನು ದಿನದ ಲಿಂಗಪೂಜೆ ಏಕೆ ಎನ್ನುವವನು ಗದ್ದುಗೆಯನ್ನು ತಪ್ಪಾಗಿ ಬಳಸಿದ. ಲಿಂಗವನ್ನು ಗೂಡಿನಲ್ಲಿಟ್ಟು ಬೇರೆಯವರ ಕೈಯಿಂದ ಹೂವು ಏರಿಸುವವನು ಇಷ್ಟಲಿಂಗವನ್ನೇ ಸ್ಥಾವರ ಮಾಡಿದ. ಪರೀಕ್ಷೆ ಸುಲಭ. ನೀವು ಊರಲ್ಲಿಲ್ಲದ ದಿನವೂ ನಿಮ್ಮ ಲಿಂಗಕ್ಕೆ ಮನೆಯಲ್ಲಿ ಪೂಜೆ ನಡೆಯುತ್ತಿದ್ದರೆ ಅದು ಇಷ್ಟಲಿಂಗವಾಗಿ ಉಳಿದಿಲ್ಲವೆಂದೇ ತಿಳಿಯಿರಿ.

ಹುಡುಗನಿಗೆ ನಾವು ಹೇಳಿದ್ದು ಇಷ್ಟು. "ಕಾರ್ಖಾನೆಯ ನಿಯಮ ನಿನ್ನ ಜೀವ ಕಾಯುವುದಕ್ಕೆ ಇರುವುದು, ಅದನ್ನು ಮೀರಬೇಡ. ಆದರೆ ಲಿಂಗ ಕೊರಳಲ್ಲೇ ತೂಗಬೇಕೆಂದು ಯಾರು ಹೇಳಿದರು? ಸಿದ್ಧಾಂತ ಶಿಖಾಮಣಿಯು ತಲೆ, ಕೊರಳು, ಕಂಕುಳು, ಎದೆ, ಉದರ, ಕೈ ಎಂದು ಆರು ಸ್ಥಾನಗಳನ್ನು ಹೇಳಿದೆ. ನಾಭಿಯಿಂದ ಕೆಳಗೆ ಮಾತ್ರ ಕೂಡದು. ಬಿಳಿಯ ವಸ್ತ್ರದಲ್ಲಿ ಸುತ್ತಿ, ದಾರ ತೂಗಾಡದಂತೆ ಎದೆಗೆ ಬಿಗಿಯಾಗಿ ಕಟ್ಟಿ ಮೇಲೆ ಅಂಗಿ ತೊಡು. ಹಾಗೆ ಕಟ್ಟಿಕೊಂಡು ಬರಬಹುದೇ ಎಂದು ಮೇಲಿನವರನ್ನು ಮೊದಲು ಕೇಳು. ರಾತ್ರಿ ಪಾಳಿಯಾದರೆ ಬೆಳಿಗ್ಗೆ ಬಂದು ಸ್ನಾನ ಮಾಡಿ, ಉಣ್ಣುವ ಮೊದಲು ಪೂಜೆಗೆ ಕುಳಿತುಕೋ. ಅಮ್ಮನ ಪಟದ ವಿಚಾರವನ್ನು ಆಮೇಲೆ ನೋಡೋಣ."

ತಾಯಿಗೂ ಒಂದು ಮಾತು ಹೇಳಿದೆವು. "ತಾಯೀ, ವೀರಭದ್ರಸ್ವಾಮಿ ಗೂಡಿನಲ್ಲೇ ಇರಲಿ. ಮಗನ ಲಿಂಗಕ್ಕೆ ಮಾತ್ರ ನೀವು ಹೂವಿಡಬೇಡಿ. ಅದು ಅವನ ಕೈಗೇ ಕಾಯಲಿ."

ಗೂಡಿನಿಂದ ಹೊರಗೆ ಬಂದದ್ದು ಪಟವಲ್ಲ, ಕರಡಿಗೆ. ಹುಡುಗ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ನಮ್ಮೆದುರೇ ಎದೆಗೆ ಕಟ್ಟಿಕೊಂಡ. ತಾಯಿ ಗೂಡಿನ ದೀಪಕ್ಕೆ ಎಣ್ಣೆ ಹಾಕಿದರು. ನಿಮ್ಮ ನಿಮ್ಮ ಮನೆಯ ಗೂಡನ್ನೂ ಒಮ್ಮೆ ನೋಡಿಕೊಳ್ಳಿ ಸದ್ಭಕ್ತರೇ, ಅಲ್ಲಿ ಯಾರ ಲಿಂಗವೂ ಒಡೆಯನಿಗಾಗಿ ಕಾದು ಕುಳಿತಿರದಿರಲಿ. ಶರಣು.